ಸ್ಕ್ರೀನ್ ಚೆನ್ನಾಗಿದೆ, ಅದರಲ್ಲಿ ನಿಮ್ಮ ಕೆಲಸ ಯಾವುದು?

ಪ್ರಶ್ನೆ: ಬೆಂಗಳೂರಿನ ಒಂದು ಹೆಲ್ತ್ ಸ್ಟಾರ್ಟಪ್‌ನಲ್ಲಿ ಯುಎಕ್ಸ್ ಡಿಸೈನರ್ ಆಗಿದ್ದೇನೆ. ಮನೆಗೇ ಬಂದು ರಕ್ತದ ಸ್ಯಾಂಪಲ್ ತಗೊಂಡು ಹೋಗುವ ಆ್ಯಪ್ ನಮ್ಮದು. ಫಾಸ್ಟಿಂಗ್ ಟೆಸ್ಟ್ ಬುಕ್ ಮಾಡಿದವರು ತಿಂಡಿ ತಿಂದು ಕೂತಿರುತ್ತಿದ್ದರು, ಹೋದ ಹುಡುಗರು ಬರಿಗೈಲಿ ವಾಪಸ್ ಬರುತ್ತಿದ್ದರು. ಅದಕ್ಕಾಗಿ ಟೈಮ್ ಸ್ಲಾಟ್ ಪುಟ ಬದಲಿಸಿದೆವು. ಮೊದಲು ಪಾಪ್‌ಅಪ್ ಹಾಕಿದೆವು, ಆಮೇಲೆ ತಡವಾದ ಸ್ಲಾಟ್‌ಗಳನ್ನೇ ತೆಗೆದು ನೋಡಿದೆವು, ಕೊನೆಗೆ ಪ್ರತಿ ಸ್ಲಾಟ್ ಕೆಳಗೆ ಎಷ್ಟು ಹೊತ್ತಿನಿಂದ ಏನೂ ತಿನ್ನಬಾರದು ಅಂತ ಬರೆದೆವು. ಪೋರ್ಟ್‌ಫೋಲಿಯೊದಲ್ಲಿ ಇದೂ ಸೇರಿ ಆರು ಪ್ರಾಜೆಕ್ಟ್ ಇವೆ. "ವಿಷುಯಲ್ಸ್ ಚೆನ್ನಾಗಿವೆ, ನೀವೇನು ಮಾಡಿದಿರಿ ಅಂತ ಗೊತ್ತಾಗಲಿಲ್ಲ" ಅಂತ ಎರಡು ಕಡೆ ಹೇಳಿದರು. ಇದು ಟೀಮ್ ಕೆಲಸ, ನನ್ನ ಹತ್ತಿರ ನಂಬರ್ ಇಲ್ಲ, ಕಂಪನಿಯ ವಿಷಯ ಹೊರಗೆ ಹೇಳಬಾರದು ಅನ್ನುವ ಎನ್‌ಡಿಎ ಬೇರೆ ಇದೆ. ಏನಂತ ಬರೆಯಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: "ಹೋದ ಹುಡುಗರು ಬರಿಗೈಲಿ ವಾಪಸ್ ಬರುತ್ತಿದ್ದರು." ನನಗೆ ಬರೆದ ಈ ಮಾತು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಎಲ್ಲೂ ಇಲ್ಲ. ನೀವು ಕಳಿಸಿದ ಲಿಂಕ್ ತೆರೆದರೆ ಮೊದಲು ಓರೆಯಾಗಿ ನಿಂತ ಮೂರು ಫೋನುಗಳು, ಆಮೇಲೆ ಬಣ್ಣಗಳ ಪಟ್ಟಿ, ಫಾಂಟ್, ಅದರ ಕೆಳಗೆ ಸಾಲಾಗಿ ಸ್ಕ್ರೀನ್‌ಗಳು. ಫೋನ್ ಓರೆಯಾಗಿರುವುದರಿಂದ ಸ್ಲಾಟ್ ಕೆಳಗಿನ ಸಾಲು, ಅಂದರೆ ನಿಮ್ಮ ಇಡೀ ಪರಿಹಾರ, ಓದಲಿಕ್ಕೇ ಆಗುವುದಿಲ್ಲ. ಡಿಸೈನರ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಕೂತು ನಾನು ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ನೋಡುವವರಿಗೆ ಮೊದಲ ಸುತ್ತಿನಲ್ಲಿ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಏನು ಕೆಟ್ಟಿತ್ತು, ನೀವು ಯಾವ ಭಾಗ ಮಾಡಿದಿರಿ, ಏನು ಬದಲಾಯಿತು ಅನ್ನುವುದು ತಿಳಿಯದಿದ್ದರೆ ಮುಂದಿನ ಲಿಂಕ್‌ಗೆ ಹೋಗುತ್ತಾರೆ. ಹಾಗಾಗಿ ಈ ಮೂರನ್ನೂ ಸ್ಕ್ರಾಲ್ ಮಾಡುವ ಮೊದಲೇ ಕಾಣುವ ಹಾಗೆ ನಾಲ್ಕೈದು ಸಾಲಿನಲ್ಲಿ ಹೇಳಿಬಿಡಿ. ಫಲಿತಾಂಶವನ್ನು ಕೊನೆಗೆ ಉಳಿಸಬೇಡಿ, ಇದೇನು ಪತ್ತೇದಾರಿ ಕಾದಂಬರಿಯಲ್ಲ.

ಇನ್ನು ಪ್ರೊಸೆಸ್ ವಿಷಯ. ಹೆಚ್ಚಿನವರು ಇಲ್ಲಿ ಡಿಸೈನ್ ಕೆಲಸದ ಹಂತಗಳನ್ನು ತೋರಿಸುವ, ಬ್ರಿಟನ್ನಿನ ಡಿಸೈನ್ ಕೌನ್ಸಿಲ್‌ನ ಡಬಲ್ ಡೈಮಂಡ್ ಚಿತ್ರ ಹಾಕಿ, ಗೋಡೆಗೆ ಸ್ಟಿಕಿ ನೋಟ್ ಅಂಟಿಸಿದ ಫೋಟೋ ಹಾಕಿ, ಪರ್ಸೋನಾ ಅಂತ ಕಾಲ್ಪನಿಕ ಬಳಕೆದಾರರೊಬ್ಬರನ್ನು ಕೂರಿಸಿ ಮುಗಿಸುತ್ತಾರೆ. ಇವು ಯಾರ ಪ್ರಾಜೆಕ್ಟಿಗಾದರೂ ಒಪ್ಪುವಂಥವು, ಆದ್ದರಿಂದ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ನೀವು ಕೈಬಿಟ್ಟ ಎರಡು ಪ್ರಯತ್ನಗಳಿವೆಯಲ್ಲ, ನಿಮ್ಮ ಪ್ರೊಸೆಸ್ ಅಂದರೆ ಅವೇ. ಫಿಗ್ಮಾದ ವರ್ಷನ್ ಹಿಸ್ಟರಿಯಲ್ಲಿ ಹುಡುಕಿ, ಆ ಫ್ರೇಮ್‌ಗಳು ಸಿಗಬಹುದು. ಅವುಗಳ ಮೇಲೆ ಟೀಮಿನವರು ಹಾಕಿದ ಕಾಮೆಂಟ್ ಓದಿದರೆ ಯಾವುದನ್ನು ಯಾಕೆ ಬಿಟ್ಟಿರಿ ಅನ್ನುವುದೂ ನೆನಪಾಗುತ್ತದೆ.

ಬರೆಯುವುದು ಹೇಗೆ ಅಂತ ನಿಮ್ಮ ಪ್ರಾಜೆಕ್ಟನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಒಳಗಿನ ವಿವರ ನನಗೆ ತಿಳಿಯದ ಕಡೆ ಊಹಿಸಿ ತುಂಬಿದ್ದೇನೆ, ಅಲ್ಲಿ ನಿಮ್ಮಲ್ಲಿ ನಿಜವಾಗಿ ನಡೆದದ್ದನ್ನು ಹಾಕಿಕೊಳ್ಳಿ.

ಪಾಪ್‌ಅಪ್‌ನಿಂದ ಶುರು ಮಾಡಿ. "ಈ ಟೆಸ್ಟ್‌ಗೆ ಫಾಸ್ಟಿಂಗ್ ಬೇಕು" ಅಂತ ಎಚ್ಚರಿಸುವ ಡಬ್ಬ ಬಂದರೆ ಜನ ಓದದೆ ಓಕೆ ಒತ್ತುತ್ತಾರೆ. ಓದಿದವರಿಗೂ ಅದರಿಂದ ಪೂರ್ತಿ ಪ್ರಯೋಜನವಿಲ್ಲ. ಫಾಸ್ಟಿಂಗ್ ಅಂದರೆ ತಿಂಡಿ ಬಿಡಬೇಕು ಅಂದುಕೊಂಡು ಕಾಫಿ ಕುಡಿದಿರುತ್ತಾರೆ. ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದ ಮೇಲೆ ಫಾಸ್ಟಿಂಗ್ ಶುಗರ್ ನೋಡಿ ಉಪಯೋಗವಿಲ್ಲ. ಇದು ಸ್ಯಾಂಪಲ್ ತೆಗೆಯುವ ಹುಡುಗರಿಗೆ ದಿನವೂ ಎದುರಾಗುವ ಸಂಗತಿ. ನೀವು ಅವರ ಜೊತೆ ಒಂದು ಬೆಳಿಗ್ಗೆ ಸುತ್ತಿದ್ದರೆ, ಅಥವಾ ಕಸ್ಟಮರ್ ಕೇರ್ ಕರೆಗಳನ್ನು ಕೇಳಿದ್ದರೆ, ಅಲ್ಲಿ ಕಿವಿಗೆ ಬಿದ್ದ ಒಂದು ಮಾತನ್ನು ಹೇಳಿದವರ ಗುರುತು ಸಿಗದ ಹಾಗೆ ಬರೆಯಿರಿ. ನೀವು ನಿಜವಾಗಿ ಕೇಳಿಸಿಕೊಂಡ ಅಂಥ ಒಂದು ಸಾಲಿನ ಮುಂದೆ ಹತ್ತು ಸ್ಲೈಡಿನ ಪರ್ಸೋನಾ ನಿಲ್ಲುವುದಿಲ್ಲ.

ಎರಡನೇ ಪ್ರಯತ್ನ, ಅಂದರೆ ತಡವಾದ ಸ್ಲಾಟ್ ತೆಗೆದುಹಾಕಿದ್ದು, ನೋಡಲಿಕ್ಕೆ ಸರಿಯಾದ ಉಪಾಯವೇ. ಹಾಗಾದರೆ ಬಿಟ್ಟದ್ದು ಯಾಕೆ? ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿಗೆ ಬೆಳಿಗ್ಗೆ ಏಳು ಗಂಟೆ ಆಗುವುದಿಲ್ಲ ಅಂತಲೋ, ಎಲ್ಲರೂ ಏಳರಿಂದ ಒಂಬತ್ತರ ನಡುವೆಯೇ ಬಂದರೆ ಅಷ್ಟು ಹುಡುಗರು ಇಲ್ಲ ಅಂತಲೋ ಇರಬೇಕು. ಎರಡನೆಯದು ಕಾರಣವಾಗಿದ್ದರೆ ಅದನ್ನು ನಿಮಗೆ ಹೇಳಿದವರು ಆಪರೇಷನ್ಸ್‌ನವರು. ಹಾಗೆಂದೇ ಬರೆಯಿರಿ. ಒಂದು ಪುಟದ ಬದಲಾವಣೆ ಬೀದಿಯಲ್ಲಿ ಬೈಕ್ ಓಡಿಸುವವನ ಬೆಳಗನ್ನು ಹೇಗೆ ಬದಲಿಸುತ್ತದೆ ಎಂದು ನೋಡಬಲ್ಲ ಡಿಸೈನರ್ ಸುಲಭಕ್ಕೆ ಸಿಗುವುದಿಲ್ಲ.

ಮೂರನೆಯದರಲ್ಲಿ ಸ್ವಲ್ಪ ನಿಧಾನಿಸಿ, ನಿಮ್ಮ ಕುಶಲತೆ ಇರುವುದು ಇಲ್ಲೇ. ಲ್ಯಾಬ್‌ನವರು ಹತ್ತು ಗಂಟೆ ಬರಿಹೊಟ್ಟೆ ಬೇಕು ಅಂದಿದ್ದಾರೆ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಏಳರ ಸ್ಲಾಟ್ ಕೆಳಗೆ "ಹಿಂದಿನ ರಾತ್ರಿ 9ರ ನಂತರ ಏನೂ ತಿನ್ನಬೇಡಿ" ಅಂತ ಬಂದರೆ ಅರ್ಥವಾಗುತ್ತದೆ. ಅದೇ ಲೆಕ್ಕವನ್ನು ಹನ್ನೊಂದರ ಸ್ಲಾಟ್‌ಗೆ ಹಾಕಿದರೆ "ರಾತ್ರಿ 1ರ ನಂತರ ಏನೂ ತಿನ್ನಬೇಡಿ" ಅಂತ ಬರುತ್ತದೆ. ಲೆಕ್ಕ ಸರಿ, ಆದರೆ ಓದುವವರು ರಾತ್ರಿ ಒಂದು ಗಂಟೆಗೆ ನಾನೆಲ್ಲಿ ತಿನ್ನುತ್ತೇನೆ ಅಂದುಕೊಂಡು ಆ ಸ್ಲಾಟನ್ನೇ ಒತ್ತುತ್ತಾರೆ, ಬೆಳಿಗ್ಗೆ ಎಂಟಕ್ಕೆ ಇಡ್ಲಿ ತಿನ್ನುತ್ತಾರೆ. ಆ ಸ್ಲಾಟ್‌ಗೆ ಬೇಕಾದದ್ದು "11 ಗಂಟೆವರೆಗೆ ತಿಂಡಿ, ಕಾಫಿ ಬೇಡ. ನೀರು ಕುಡಿಯಬಹುದು" ಅನ್ನುವ ಸಾಲು. ಇದನ್ನು ಓದಿದ ಕೂಡಲೇ, ಶುಗರ್ ಮಾತ್ರೆ ತಗೊಳ್ಳುವ ಅಮ್ಮನಿಗೆ ಅಷ್ಟು ಹೊತ್ತು ಹಸಿದಿರಲು ಆಗದು ಎಂದು ಮಗಳಿಗೆ ಹೊಳೆದು ಬೇಗನೆಯ ಸ್ಲಾಟ್‌ಗೆ ಹೋಗುತ್ತಾಳೆ. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಇಡೀ ಫೋನ್ ಬೇಡ, ಆ ಸ್ಲಾಟ್ ಕಾರ್ಡ್ ಒಂದನ್ನೇ ಕತ್ತರಿಸಿ ದೊಡ್ಡದಾಗಿ, ನೇರವಾಗಿ ಹಾಕಿ, ಏನು ಬದಲಾಯಿತು ಅಂತ ಕೆಳಗೆ ಒಂದು ಸಾಲು ಬರೆಯಿರಿ.

ಟೀಮ್ ಕೆಲಸ ಅಂದಿರಿ. ನಿಮ್ಮ ಪುಟದ ತುಂಬ "ನಾವು" ಇದೆ, ಓದುವವರು ತಡವರಿಸುವುದು ಅಲ್ಲೇ. ಎಲ್ಲವನ್ನೂ "ನಾನು" ಮಾಡಿದರೂ ಎಡವಟ್ಟೇ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ಗುಟ್ಟು ರಟ್ಟಾಗುತ್ತದೆ. ಬೇರೆಯವರ ಪಾಲನ್ನು ಹುದ್ದೆಯ ಹೆಸರಿನಿಂದ ಹೇಳಿಬಿಡಿ, ಆಗ ನಿಮ್ಮ ಪಾಲು ತಾನಾಗಿ ಎದ್ದು ಕಾಣುತ್ತದೆ. ಹೀಗೆ: "ಸಮಸ್ಯೆಯನ್ನು ಪ್ರಾಡಕ್ಟ್ ಮ್ಯಾನೇಜರ್ ತಂದರು. ಬಟನ್, ಬಣ್ಣ, ಕಾರ್ಡ್‌ಗಳೆಲ್ಲ ಕಂಪನಿಯ ಡಿಸೈನ್ ಸಿಸ್ಟಮ್‌ನವು, ಅವನ್ನು ಮಾಡಿದವರು ಇನ್ನೊಬ್ಬ ಡಿಸೈನರ್. ಕರೆಗಳನ್ನು ಕೇಳಿ ಕಾರಣ ವಿಂಗಡಿಸಿದ್ದು, ಮೂರು ಪರ್ಯಾಯ ಬಿಡಿಸಿದ್ದು, ಸ್ಲಾಟ್ ಕೆಳಗಿನ ಸಾಲುಗಳನ್ನು ಬರೆದದ್ದು ನಾನು." ಡಿಸೈನ್ ಸಿಸ್ಟಮ್ ನಿಮ್ಮದಲ್ಲ ಅಂದರೆ ಬೆಲೆ ಕಮ್ಮಿಯಾಗುತ್ತದೆ ಅಂತ ಅಳುಕಬೇಡಿ. ಇರುವ ಕಾರ್ಡ್‌ಗೆ ಒಂದು ಸಾಲು ಸೇರಿಸಿ ಕೆಲಸ ಆಗಿಸಿದವರನ್ನು, ಹೊಸ ಕಾಂಪೊನೆಂಟ್ ಬೇಕು ಅಂತ ಹಟ ಹಿಡಿಯುವವರಿಗಿಂತ ಮೊದಲು ನಾನು ಕರೆಯುತ್ತೇನೆ. ಪಾಪ್‌ಅಪ್ ಬಿಡಲು ಹೇಳಿದ್ದು ಮ್ಯಾನೇಜರ್ ಆಗಿದ್ದರೆ ಅದನ್ನೂ ಹೇಳಿ.

ನಂಬರ್ ಇಲ್ಲ ಅಂದಿರಿ. ನಿಮ್ಮ ಹತ್ತಿರ ಇಲ್ಲದಿರಬಹುದು, ಕಂಪನಿಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಸ್ಯಾಂಪಲ್ ಸಿಗದೆ ವಾಪಸ್ ಬಂದಾಗ ಹುಡುಗರು ತಮ್ಮ ಆ್ಯಪ್‌ನಲ್ಲಿ ಕಾರಣ ಗುರುತಿಸುವ ವ್ಯವಸ್ಥೆ ಇದ್ದರೆ, "ಫಾಸ್ಟಿಂಗ್ ಇರಲಿಲ್ಲ" ಅನ್ನುವುದು ಅದರಲ್ಲಿ ಒಂದು ಆಯ್ಕೆಯಾಗಿರುತ್ತದೆ. ನೀವು ಇನ್ನೂ ಅಲ್ಲೇ ಕೆಲಸದಲ್ಲಿದ್ದೀರಿ, ಈ ವಾರವೇ ಆಪರೇಷನ್ಸ್‌ನವರನ್ನು ಕೇಳಿ. ಆದರೆ ಒಟ್ಟು ಬುಕಿಂಗ್ ಎಷ್ಟು ಏರಿತು ಅಂತ ಕೇಳಬೇಡಿ. ಬುಕಿಂಗ್ ಏರುವುದಕ್ಕೆ ಡಿಸ್ಕೌಂಟ್‌ನಿಂದ ಡೆಂಗಿ ಸೀಸನ್‌ವರೆಗೆ ನೂರು ಕಾರಣ ಇರುತ್ತವೆ. ಫಾಸ್ಟಿಂಗ್ ಟೆಸ್ಟ್‌ಗೆ ಹೋದ ಭೇಟಿಗಳಲ್ಲಿ ಈ ಕಾರಣಕ್ಕೆ ವಾಪಸ್ ಬಂದದ್ದು ನೂರಕ್ಕೆ ಎಷ್ಟು, ಬದಲಾವಣೆಗೆ ಮುಂಚಿನ ಕೆಲವು ವಾರ ಮತ್ತು ಆಮೇಲಿನ ಅಷ್ಟೇ ವಾರ, ಇಷ್ಟು ಸಾಕು. ಅದೇ ಹೊತ್ತಿನಲ್ಲಿ ಹಿಂದಿನ ರಾತ್ರಿ ಎಸ್‌ಎಂಎಸ್ ಕಳಿಸುವುದನ್ನೂ ಯಾರಾದರೂ ಶುರು ಮಾಡಿದ್ದರೆ, "ಎರಡೂ ಒಟ್ಟಿಗೆ ಬಂದವು, ಯಾವುದರಿಂದ ಎಷ್ಟು ಕಮ್ಮಿಯಾಯಿತು ಬೇರ್ಪಡಿಸಿ ಹೇಳಲಾಗದು" ಅಂತ ಬರೆದುಬಿಡಿ. ಇದನ್ನು ಮುಚ್ಚಿಟ್ಟರೆ ಒಬ್ಬ ಡೇಟಾ ಬಲ್ಲವರು ಪ್ಯಾನಲ್‌ನಲ್ಲಿ ಕೂತಿದ್ದರೂ ಸಾಕು, ಸಿಕ್ಕಿಬೀಳುತ್ತೀರಿ.

ಆ ನಂಬರ್ ಸಿಗದಿದ್ದರೆ, ಅಥವಾ ಹೊರಗೆ ಹೇಳಲು ಬಿಡದಿದ್ದರೆ, ಟೆಸ್ಟಿಂಗ್‌ನಲ್ಲಿ ಕಂಡದ್ದನ್ನು ಹೇಳಿ. ಉದಾಹರಣೆಗೆ: "ಹಳೇ ಪುಟದಲ್ಲಿ ಆರು ಜನರಲ್ಲಿ ನಾಲ್ವರು ಫಾಸ್ಟಿಂಗ್ ವಿಷಯ ಗಮನಿಸದೆ ತಡವಾದ ಸ್ಲಾಟ್ ತಗೊಂಡರು, ಹೊಸದರಲ್ಲಿ ಒಬ್ಬರು." ಇದನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಬೇಡಿ. ಆರು ಜನರ ಮೇಲೆ "ಶೇ 67" ಅಂತ ಬರೆದದ್ದನ್ನು ಕಂಡರೆ ನನಗೆ ನಗು ಬರುತ್ತದೆ. ಐದು ಜನರ ಜೊತೆ ಟೆಸ್ಟ್ ಮಾಡಿದರೆ ಸಾಕು ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅವರು ಹೇಳಿದ್ದು ತೊಡಕುಗಳನ್ನು ಕಂಡುಹಿಡಿಯಲು ಸಾಕು ಅಂತ. ಎಷ್ಟು ಸುಧಾರಿಸಿತು ಅಂತ ಅಳೆಯಲು ಅದಕ್ಕಿಂತ ಬಹಳ ಜನ ಬೇಕು. ಹಾಗೆಯೇ, ಕೆಟ್ಟದ್ದೇನಾದರೂ ಆಗಿದ್ದರೆ, ಬೆಳಗಿನ ಸ್ಲಾಟ್‌ಗಳು ಬೇಗ ತುಂಬಿ ಜನ ಮರುದಿನಕ್ಕೆ ಕಾಯುವಂತಾಯಿತು ಅನ್ನುವಂಥದ್ದು, ಅದಕ್ಕೂ ಎರಡು ಸಾಲು ಕೊಡಿ.

ಎನ್‌ಡಿಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಏನಿದೆ ಅಂತ ಮೊದಲು ಓದಿ, ಏನನ್ನು ತೋರಿಸಬಹುದು ಅಂತ ಮ್ಯಾನೇಜರ್ ಹತ್ತಿರ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಪುಟಕ್ಕೆ ಪಾಸ್‌ವರ್ಡ್ ಹಾಕಿದ ಮಾತ್ರಕ್ಕೆ ಎನ್‌ಡಿಎ ಸಡಿಲವಾಗುವುದಿಲ್ಲ. ಒಪ್ಪಿಗೆ ಸಿಕ್ಕರೂ ಬ್ರ್ಯಾಂಡ್ ಹೆಸರು, ಲೋಗೊ ತೆಗೆದು, ಆ ಒಂದು ಕಾರ್ಡನ್ನು ಬೂದು ಬಣ್ಣದಲ್ಲಿ ಮತ್ತೆ ಬಿಡಿಸಿ ಹಾಕಿದರೆ ಸಾಕು, ವಿಷಯ ಅಷ್ಟರಲ್ಲೇ ತಿಳಿಯುತ್ತದೆ. ರೋಗಿಗಳ ಹೆಸರು, ಫೋನ್ ನಂಬರ್, ವರದಿ ಇರುವ ಸ್ಕ್ರೀನ್‌ಶಾಟ್ ಮಾತ್ರ ಮಸುಕು ಮಾಡಿದರೂ ಹಾಕಬೇಡಿ.

ಸಂದರ್ಶನಕ್ಕೆ ಕರೆದಾಗ ವೆಬ್ ಪುಟವನ್ನೇ ಸ್ಕ್ರಾಲ್ ಮಾಡುತ್ತಾ ಓದಿ ಹೇಳಬೇಡಿ. ಇದೇ ಕಥೆಗೆ ಹತ್ತು ಹನ್ನೆರಡು ಸ್ಲೈಡ್ ಬೇರೆ ಮಾಡಿಕೊಳ್ಳಿ. ಮುಕ್ಕಾಲು ಗಂಟೆ ಕೊಟ್ಟರೆ ಇಪ್ಪತ್ತು ನಿಮಿಷ ನೀವು ಮಾತಾಡಿ, ಉಳಿದದ್ದು ಅವರ ಪ್ರಶ್ನೆಗೆ ಇರಲಿ. ಪಾಪ್‌ಅಪ್ ಯಾಕೆ ಬಿಟ್ಟಿರಿ, ರಾತ್ರಿ ಒಂದು ಗಂಟೆ ಅಂತ ಯಾಕೆ ಬರೆಯಲಿಲ್ಲ ಅಂತ ಅವರೇ ಕೇಳುತ್ತಾರೆ.

ಉಳಿದ ಐದರಲ್ಲಿ, ಯಾರೂ ಕೇಳದೆ ನೀವೇ ಮಾಡಿದ ಫುಡ್ ಡೆಲಿವರಿ ಆ್ಯಪ್‌ನ ರೀಡಿಸೈನ್ ತೆಗೆದುಬಿಡಿ. ಆ ಕಂಪನಿಯ ಒಳಗಿನ ಕಾರಣ ಯಾವುದೂ ಗೊತ್ತಿಲ್ಲದೆ ಮಾಡಿದ್ದು ಅದು, ಫಲಿತಾಂಶ ಅನ್ನುವುದು ಇರಲು ಸಾಧ್ಯವಿಲ್ಲ. ಎರಡು ಲೋಗೊ ಕೆಲಸಗಳೂ ಬೇಡ. ವರದಿ ತೋರಿಸುವ ಪುಟದ ಕೆಲಸವನ್ನು ಇದೇ ರೀತಿ ಬಿಡಿಸಿ ಬರೆಯಿರಿ. ಬಿಲ್ಲಿಂಗ್ ಡ್ಯಾಶ್‌ಬೋರ್ಡ್‌ನಲ್ಲಿ ನಿಮ್ಮ ಪಾಲು ಐಕಾನ್ ಬಿಡಿಸಿದ್ದಷ್ಟೇ ಆಗಿದ್ದರೆ, ಅದಕ್ಕೆ ಪುಟದ ಕೊನೆಯಲ್ಲಿ ಒಂದು ಚಿತ್ರ, ಒಂದು ಸಾಲು ಸಾಕು.