ಓಡಿ ಬಡ್ಡಿ: ನಮ್ಮ ಲೆಕ್ಕ, ಬ್ಯಾಂಕಿನ ಲೆಕ್ಕ

ಪ್ರಶ್ನೆ: ಸಿದ್ದಾಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ, ಬ್ಯಾಂಕಿನಲ್ಲಿ 10 ಲಕ್ಷದ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, ಇದೆ. ದಿನದ ಬಾಕಿ ಮೇಲೆ ಬಡ್ಡಿ ಅಂತಾರೆ. ತಿಂಗಳ ಮೊದಲ ದಿನದ ಬಾಕಿ, ಕೊನೆ ದಿನದ ಬಾಕಿ ಕೂಡಿಸಿ ಸರಾಸರಿ ಹಿಡಿದು ನೋಡಿದರೆ ಬ್ಯಾಂಕ್ ಕಡಿದ ಮೊತ್ತಕ್ಕೆ ಯಾವತ್ತೂ ಹೊಂದುವುದಿಲ್ಲ. ಯಾರು ತಪ್ಪು, ನಾನೋ ಅವರೋ?

ಉತ್ತರ:

ನಿಮ್ಮ ಸರಾಸರಿ ತಪ್ಪು. ಆದರೆ ಬ್ಯಾಂಕ್ ಸರಿ ಅಂತ ಈಗಲೇ ಹೇಳಲಾರೆ. ಗೋಣಿಕೊಪ್ಪಲಿನಲ್ಲಿ ನನ್ನದು ಗೊಬ್ಬರದ ಅಂಗಡಿ. ಬೆಳೆಗಾರರು ಗೊಬ್ಬರ ಒಯ್ಯುವುದು ಒಂದು ಕಾಲಕ್ಕೆ, ದುಡ್ಡು ಕೊಡುವುದು ಕಾಫಿ ಮಾರಿದ ಮೇಲೆ. ಹಾಗಾಗಿ ವರ್ಷವಿಡೀ ಓಡಿಯಲ್ಲೇ ಬದುಕು. ಮೊದಲು ನಾನೂ ನಿಮ್ಮ ಹಾಗೆಯೇ ಸರಾಸರಿ ಹಾಕುತ್ತಿದ್ದೆ.

ಬ್ಯಾಂಕ್ ಮಾಡುವುದು ಇಷ್ಟೇ. ಪ್ರತಿ ದಿನ ವಹಿವಾಟು ಮುಗಿದ ಮೇಲೆ ಎಷ್ಟು ಬಾಕಿ ನಿಂತಿದೆ ಎಂದು ನೋಡುತ್ತದೆ. ಆ ಮೊತ್ತಕ್ಕೆ ಒಂದು ದಿನದ ಬಡ್ಡಿ. ಬೆಳಿಗ್ಗೆ 2 ಲಕ್ಷ ತೆಗೆದು ಸಂಜೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಶನಿವಾರ ರಾತ್ರಿ ಇದ್ದ ಬಾಕಿ ಅಲುಗದಿದ್ದರೆ ಭಾನುವಾರಕ್ಕೂ ಅದೇ ಲೆಕ್ಕ. ಬಾಕಿಯನ್ನು ಅದು ನಿಂತ ದಿನಗಳಿಂದ ಗುಣಿಸಿದರೆ ಬರುವುದನ್ನು ಬ್ಯಾಂಕಿನವರು ಪ್ರಾಡಕ್ಟ್ ಅನ್ನುತ್ತಾರೆ. ನಾನು ಅದನ್ನು ಲಕ್ಷ-ದಿನ ಅಂತ ಬರೆದಿಡುತ್ತೇನೆ. 1 ಲಕ್ಷ ಬಾಕಿ 1 ದಿನ ನಿಂತರೆ 1 ಲಕ್ಷ-ದಿನ.

ಆಗ ನನ್ನ ಬಡ್ಡಿ ದರ ಶೇ. 10.95. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಶೇ. 0.03, ಅಂದರೆ ಲಕ್ಷಕ್ಕೆ ದಿನಕ್ಕೆ ಸರಿಯಾಗಿ 30 ರೂಪಾಯಿ. ನಿಮ್ಮ ದರಕ್ಕೂ ಈ ಅಂಕಿ ಒಮ್ಮೆ ತೆಗೆದು ಕ್ಯಾಲ್ಕುಲೇಟರ್ ಹಿಂದೆ ಅಂಟಿಸಿಕೊಳ್ಳಿ. ಮುಂದಿನದಕ್ಕೆಲ್ಲ ಅದೇ ಬೇಕು.

ಈಗ 2025ರ ಜನವರಿಯ ನನ್ನ ಲೆಕ್ಕ ನೋಡಿ. ಡಿಸೆಂಬರ್ ಬಡ್ಡಿಯೂ ಸೇರಿ ತಿಂಗಳು ಶುರುವಾದಾಗ ಬಾಕಿ 6,20,000. 6ನೇ ತಾರೀಕು ಗೊಬ್ಬರದ ಲೋಡಿಗೆ 2,00,000 ಕಳಿಸಿದೆ. 10ರಂದು ಒಬ್ಬ ಬೆಳೆಗಾರರು ಕೊಟ್ಟ 3,50,000ದ ಚೆಕ್ ಕಟ್ಟಿದೆ. 23ರಂದು ಮತ್ತೆ 1,80,000 ಹೋಯಿತು. ನನ್ನ ಪುಸ್ತಕದಲ್ಲಿ ಅದು ಹೀಗಿತ್ತು:

| ಯಾವಾಗಿನಿಂದ | ಬಾಕಿ | ದಿನ | ಲಕ್ಷ-ದಿನ |
|---|---|---|---|
| ಜನವರಿ 1 | 6,20,000 | 5 | 31.0 |
| ಜನವರಿ 6 | 8,20,000 | 4 | 32.8 |
| ಜನವರಿ 10 | 4,70,000 | 13 | 61.1 |
| ಜನವರಿ 23 | 6,50,000 | 9 | 58.5 |

ದಿನಗಳನ್ನು ಮೊದಲು ಕೂಡಿ ನೋಡಿ, 31 ಆಗಲೇಬೇಕು. ಆಗದಿದ್ದರೆ ಮುಂದೆ ಹೋಗುವುದೇ ಬೇಡ. ಲಕ್ಷ-ದಿನ ಒಟ್ಟು 183.4. 30ರಿಂದ ಗುಣಿಸಿದರೆ ಬಡ್ಡಿ 5,502 ರೂಪಾಯಿ. 31ನೇ ತಾರೀಕು ಬ್ಯಾಂಕ್ ಕಡಿದದ್ದು 5,817.

ತಮಾಷೆ ಏನೆಂದರೆ, ನಿಮ್ಮ ಹಾಗೆ 6.20 ಮತ್ತು 6.50ರ ಸರಾಸರಿ ಹಿಡಿದಿದ್ದರೆ 5,906 ಬರುತ್ತಿತ್ತು. ನನ್ನ ಲೆಕ್ಕಕ್ಕಿಂತ ಬ್ಯಾಂಕಿನ ಲೆಕ್ಕಕ್ಕೆ ಅದೇ ಹತ್ತಿರ! ಆದರೆ ಅದು ಸುಮ್ನೆ ಅದೃಷ್ಟ. ನಡುವೆ ಎಂಟು ಲಕ್ಷಕ್ಕೆ ಏರಿದ್ದೂ ನಾಲ್ಕಕ್ಕೆ ಇಳಿದದ್ದೂ ಸರಾಸರಿಗೆ ಗೊತ್ತೇ ಇಲ್ಲ.

315 ರೂಪಾಯಿ ವ್ಯತ್ಯಾಸ ನೋಡಿ ನನಗೆ ಸಿಟ್ಟು ಬಂತು. ಬ್ಯಾಂಕಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ನಿಮಗೆ ನಾನು ಹೇಳಬೇಕೆಂದಿರುವುದೂ ಮುಖ್ಯವಾಗಿ ಇದನ್ನೇ. ವ್ಯತ್ಯಾಸದ ರೂಪಾಯಿಯನ್ನು ವಾಪಸ್ ಲಕ್ಷ-ದಿನಕ್ಕೆ ತಿರುಗಿಸಿ. 315ನ್ನು 30ರಿಂದ ಭಾಗಿಸಿದರೆ 10.5. ಈಗ ಆ ತಿಂಗಳ ಎಂಟ್ರಿಗಳಲ್ಲಿ ಯಾವುದಕ್ಕೆ ಇದು ಸರಿಯಾಗಿ ಕೂಡುತ್ತದೆ ನೋಡಿ. 2 ಲಕ್ಷಕ್ಕೆ 5.25 ದಿನ, ಅದಾಗದು. 1.8 ಲಕ್ಷಕ್ಕೂ ಪೂರ್ತಿ ದಿನ ಬರುವುದಿಲ್ಲ. 3.5 ಲಕ್ಷಕ್ಕೆ ಸರಿಯಾಗಿ 3 ದಿನ. ಸಿಕ್ಕಿತಲ್ವಾ? ಆ ಚೆಕ್ಕೇ.

ಸ್ಟೇಟ್‌ಮೆಂಟ್ ತೆಗೆದೆ. ಚೆಕ್ ಜಮಾ ಆದದ್ದು 13ಕ್ಕೆ. ನಾನು ಸ್ಲಿಪ್ ಬರೆದು ಕಟ್ಟಿದ್ದು 10ಕ್ಕೆ, ಶುಕ್ರವಾರ. 11 ಎರಡನೇ ಶನಿವಾರ, 12 ಭಾನುವಾರ, ಎರಡು ದಿನವೂ ಬ್ಯಾಂಕ್ ರಜೆ. ಕ್ಲಿಯರಿಂಗ್ ಮುಗಿದು ದುಡ್ಡು ಬಂದದ್ದು ಸೋಮವಾರ. ಅಲ್ಲಿಯವರೆಗೆ ನನ್ನ ಬಾಕಿ 8,20,000 ಆಗಿಯೇ ಇತ್ತು. ಎರಡನೇ ಸಾಲಿಗೆ 4ರ ಬದಲು 7 ದಿನ, ಮೂರನೆಯದಕ್ಕೆ 13ರ ಬದಲು 10 ದಿನ ಹಾಕಿ ಮತ್ತೆ ಕೂಡಿದೆ. 193.9 ಲಕ್ಷ-ದಿನ, ಬಡ್ಡಿ 5,817. ಪೈಸೆಗೆ ಪೈಸೆ ಹೊಂದಿತು. ತಪ್ಪು ನನ್ನದೇ. ಜಗಳಕ್ಕೆ ಹೋಗಿದ್ದರೆ ಮರ್ಯಾದೆ ಹೋಗುತ್ತಿತ್ತು.

ಆದ್ದರಿಂದ ಲೆಕ್ಕಕ್ಕೆ ಕೂರುವಾಗ ಅಂಗಡಿಯ ರೋಕಡ್ ಪುಸ್ತಕ ಪಕ್ಕಕ್ಕಿಡಿ. ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಹಿಡಿಯಿರಿ. ಅದರಲ್ಲಿ ಹಲವು ಸಲ ಎರಡು ತಾರೀಕು ಇರುತ್ತವೆ. ಒಂದು ಎಂಟ್ರಿ ಹಾಕಿದ ದಿನ, ಇನ್ನೊಂದು ವ್ಯಾಲ್ಯೂ ಡೇಟ್. ಬಡ್ಡಿ ಓಡುವುದು ವ್ಯಾಲ್ಯೂ ಡೇಟ್ ಮೇಲೆ. ಒಂದೇ ದಿನ ಹತ್ತು ಎಂಟ್ರಿ ಇದ್ದರೆ ಆ ದಿನದ ಕೊನೆಯ ಬಾಕಿ ಮಾತ್ರ ಸಾಕು.

ಕಂಪ್ಯೂಟರಿನಲ್ಲಿ ಮಾಡುವುದಾದರೆ A ಕಾಲಮ್ಮಿನಲ್ಲಿ ತಾರೀಕು, B ಕಾಲಮ್ಮಿನಲ್ಲಿ ಬಾಕಿ. ಬಾಕಿ ಬದಲಾದ ದಿನಗಳನ್ನು ಮಾತ್ರ ಬರೆಯಿರಿ. ಕೊನೆಗೆ ಮುಂದಿನ ತಿಂಗಳ 1ನೇ ತಾರೀಕನ್ನು ಬಾಕಿ ಇಲ್ಲದೆ ಸುಮ್ನೆ ಒಂದು ಸಾಲಾಗಿ ಹಾಕಿ. ಮೇಲಿನ ಜನವರಿಗೆ 2ರಿಂದ 5ನೇ ಸಾಲಿನವರೆಗೆ ಲೆಕ್ಕ, 6ನೇ ಸಾಲಿನಲ್ಲಿ ಫೆಬ್ರವರಿ 1:

```
C2:  =A3-A2
D2:  =MAX(0,B2)*C2
D7:  =SUM(D2:D5)*10.95/36500
```

C2, D2 ಎರಡನ್ನೂ 5ನೇ ಸಾಲಿನವರೆಗೆ ಎಳೆಯಿರಿ. ಆ `MAX` ಯಾಕೆಂದರೆ, ಕಾಫಿ ದುಡ್ಡು ಒಟ್ಟಿಗೆ ಬಂದಾಗ ಖಾತೆ ಜಮಾಕ್ಕೆ ತಿರುಗುವುದುಂಟು. ಜಮಾ ಬಾಕಿಯನ್ನು ಮೈನಸ್ ಹಾಕಿ ಬರೆಯಿರಿ. ಆಗ ಆ ದಿನಕ್ಕೆ ಲೆಕ್ಕ ಸೊನ್ನೆ ಹಿಡಿಯುತ್ತದೆ. ನೀವು ಕೊಡಬೇಕಾದ ಬಡ್ಡಿಯಿಂದ ಅದು ಕಳೆಯುವಂತಿಲ್ಲ. ಇನ್ನು 36500 ಅನ್ನುವುದು 365 ದಿನದ ಲೆಕ್ಕ. 2024ರಂಥ ಅಧಿಕ ವರ್ಷದಲ್ಲಿ ನಿಮ್ಮ ಬ್ಯಾಂಕ್ 365 ಹಿಡಿಯುತ್ತದೋ 366 ಹಿಡಿಯುತ್ತದೋ ಸ್ಯಾಂಕ್ಷನ್ ಲೆಟರ್ ನೋಡಿ.

ಕಡಿದ ಬಡ್ಡಿಯನ್ನು ಮರೆಯಬೇಡಿ. ಫೆಬ್ರವರಿಗೆ ನನ್ನ ಬಾಕಿ 6,50,000 ಅಲ್ಲ, 6,55,817. ಬಡ್ಡಿಗೂ ಬಡ್ಡಿ ಓಡುತ್ತದೆ. ಆ 5,817ಕ್ಕೆ 28 ದಿನಕ್ಕೆ 49 ರೂಪಾಯಿ ಹತ್ತಿರ. ನಿಮ್ಮ ವ್ಯತ್ಯಾಸ ಇಷ್ಟೇ ಚಿಕ್ಕದಾಗಿ ಪ್ರತಿ ತಿಂಗಳೂ ಬರುತ್ತಿದ್ದರೆ ಮೊದಲು ಇಲ್ಲಿ ಹುಡುಕಿ. ಒಂದೆರಡು ರೂಪಾಯಿ ಆಚೀಚೆ ಆದರೆ ಬಿಟ್ಟುಬಿಡಿ, ಅದು ರೌಂಡ್ ಮಾಡಿದ್ದು.

ಇಲ್ಲಿಯವರೆಗೆ ನನ್ನ ತಪ್ಪು. ಬ್ಯಾಂಕ್ ತಪ್ಪಿದ್ದೂ ಇದೆ. ಆಗ ವ್ಯತ್ಯಾಸದ ಚಹರೆಯೇ ಬೇರೆ ಇರುತ್ತದೆ.

ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟೇಟ್‌ಮೆಂಟ್ ಹಿಡಿದೇ ಲೆಕ್ಕ ಹಾಕಿದ್ದೆ. ಸರಿಯಾಗಿ 200 ಲಕ್ಷ-ದಿನ ಬಂದಿತ್ತು. ಕಡಿದದ್ದು 6,000. ಏಪ್ರಿಲ್‌ನಿಂದ ಆಗಬೇಕಿದ್ದ ಹೊಸ ದರ ಶೇ. 10.70 ಹಿಡಿದು ನನಗೆ ಬಂದದ್ದು 5,863. ವ್ಯತ್ಯಾಸ 137, ಯಾವ ಎಂಟ್ರಿಗೂ ಕೂಡುತ್ತಿಲ್ಲ. ಆಗ ಲೆಕ್ಕವನ್ನು ತಿರುಗಿಸಿ ನೋಡಿದೆ. ಕಡಿದ ಬಡ್ಡಿಯನ್ನು 36500ರಿಂದ ಗುಣಿಸಿ, ರೂಪಾಯಿಯಲ್ಲಿ ಬರೆದ ಪ್ರಾಡಕ್ಟ್‌ನಿಂದ ಭಾಗಿಸಿ:

```
6000*36500/20000000 = 10.95
```

ಬ್ಯಾಂಕ್ ನಿಜವಾಗಿ ಹಾಕಿದ ದರ ಇದು. ನನ್ನ ಓಡಿ ರೆಪೊ ದರಕ್ಕೆ ಜೋಡಿಸಿದ್ದು. ಸಣ್ಣ ವ್ಯಾಪಾರಿಗಳಿಗೆ 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ದರದ ಸಾಲವನ್ನು ಹೀಗೆ ಹೊರಗಿನ ದರವೊಂದಕ್ಕೆ ಜೋಡಿಸಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ರೀಸೆಟ್ ಆಗಬೇಕು ಎಂಬ ನಿಯಮವಿದೆ. 2025ರ ಫೆಬ್ರವರಿ 7ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.50ರಿಂದ 6.25ಕ್ಕೆ ಇಳಿಸಿತ್ತು. ನನ್ನ ಸ್ಯಾಂಕ್ಷನ್ ಲೆಟರಿನಲ್ಲಿ ರೀಸೆಟ್ ದಿನ ಏಪ್ರಿಲ್ 1 ಎಂದಿತ್ತು. ಅಂದಿನಿಂದ ಶೇ. 10.70 ಆಗಬೇಕಿತ್ತು. ಖಾತೆಯಲ್ಲಿ ಹಳೆಯ ದರವೇ ಓಡುತ್ತಿತ್ತು.

ಬ್ರಾಂಚಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ, "ಸಾರ್, ಕಂಪ್ಯೂಟರ್ ಹಾಕುವ ಬಡ್ಡಿ, ನಾವು ಕೈಯಾರೆ ಹಾಕಲ್ಲ" ಅಂದ. ಹೌದು ಮಾರಾಯ, ಆದರೆ ದರವನ್ನು ಯಾರೋ ಕಂಪ್ಯೂಟರಿಗೆ ಹೇಳಬೇಕಲ್ಲ! ಬಾಯಲ್ಲಿ ವಾದ ಮಾಡಲಿಲ್ಲ. ಒಂದು ಹಾಳೆಯಲ್ಲಿ ತಿಂಗಳ ಪ್ರಾಡಕ್ಟ್, ತಿರುಗಿಸಿದ ಲೆಕ್ಕ, ಸ್ಯಾಂಕ್ಷನ್ ಲೆಟರಿನ ರೀಸೆಟ್ ಸಾಲು, ಮೂರನ್ನೂ ಬರೆದು ಒಯ್ದಿದ್ದೆ. ಮ್ಯಾನೇಜರ್ ನೋಡಿದರು, ಖಾತೆಯ ದರ ತೆರೆದು ನೋಡಿದರು, "ಅರ್ಜಿ ಕೊಟ್ಟು ಹೋಗಿ" ಅಂದರು. ಅರ್ಜಿಯ ನಕಲಿಗೆ ಸೀಲ್ ಹಾಕಿಸಿಕೊಂಡೆ. ಹತ್ತು ದಿನಕ್ಕೆ 137 ರೂಪಾಯಿ ಜಮಾ ಆಯಿತು, ದರವೂ ಸರಿಹೋಯಿತು.

ಹಾಗಾದರೆ ನೋಡುವ ಕ್ರಮ ಹೀಗೆ. ವ್ಯತ್ಯಾಸ ಒಂದು ಎಂಟ್ರಿಗೆ ಪೂರ್ತಿ ದಿನಗಳಲ್ಲಿ ಕೂಡಿದರೆ ಅದು ತಾರೀಕಿನ ತಂಟೆ. ಯಾವುದಕ್ಕೂ ಕೂಡದೆ, ತಿರುಗಿಸಿದಾಗ ನಿಮ್ಮ ಹಳೆಯ ದರವೋ ಬೇರೆ ದರವೋ ಬಂದರೆ ಅದು ದರದ ತಂಟೆ. ತಿಂಗಳ ನಡುವೆ ದರ ಬದಲಾಗಿದ್ದರೆ ಮಾತ್ರ ತಿರುಗಿಸಿದ ದರ ಎರಡರ ನಡುವೆ ಎಲ್ಲೋ ಬರುತ್ತದೆ. ಆಗ ತಿಂಗಳನ್ನು ಎರಡು ತುಂಡು ಮಾಡಿ ಬೇರೆ ಬೇರೆ ಹಾಕಬೇಕು.

ಇನ್ನೊಂದು ಮಾತು. ಅಂಗಡಿಯಲ್ಲಿರುವ ಸರಕಿನ ಲೆಕ್ಕ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್, ಬ್ಯಾಂಕಿಗೆ ತಡವಾಗಿ ಕೊಟ್ಟರೆ ಮೊದಲೆಲ್ಲ ಬಡ್ಡಿ ದರಕ್ಕೇ ಒಂದೆರಡು ಪರ್ಸೆಂಟ್ ದಂಡ ಸೇರಿಸಿಬಿಡುತ್ತಿದ್ದರು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಏಪ್ರಿಲ್‌ನಿಂದ ಹೊಸ ಸಾಲಗಳಲ್ಲಿ ಹಾಗೆ ಮಾಡುವಂತಿಲ್ಲ. ದಂಡವನ್ನು ಬೇರೆ ಶುಲ್ಕವಾಗಿಯೇ ಹಾಕಬೇಕು. ಹಳೆಯ ಸಾಲಗಳನ್ನೂ ಅದೇ ಜೂನ್ ಕೊನೆಯೊಳಗೆ ಇದಕ್ಕೆ ಬದಲಾಯಿಸಬೇಕಿತ್ತು. ಹಾಗಾಗಿ ನಿಮ್ಮ ತಿರುಗಿಸಿದ ದರ ಸ್ಯಾಂಕ್ಷನ್ ದರಕ್ಕಿಂತ ಸರಿಯಾಗಿ 1 ಅಥವಾ 2 ಜಾಸ್ತಿ ಬಂದರೆ ಸುಮ್ನಿರಬೇಡಿ, ಅದು ಯಾತಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ.

ನಿಮ್ಮ ಒಂದು ತಿಂಗಳ ದಿನದ ಬಾಕಿ, ದರ, ಕಡಿದ ಮೊತ್ತ ಇಷ್ಟನ್ನು ಇಲ್ಲಿ ಹಾಕಿ. ಖಾತೆ ನಂಬರ್ ಮಾತ್ರ ಹಾಕಬೇಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.