ಮಿನಿಟ್ಸ್ ಮೇಲ್ ಮಾಡಿದರೂ ಕೆಲಸ ಆಗದಿದ್ದರೆ

ಅಪಾರ್ಟ್‌ಮೆಂಟ್ ಸಂಘದ ಮಿನಿಟ್ಸ್ ಪ್ರತಿ ಸಲ ಮೇಲ್ ಮಾಡ್ತೀನಿ, ಆದರೂ ಕೆಲಸ ಆಗಲ್ಲ. ಹೇಗೆ ಬರೆಯಬೇಕು?

ಚರ್ಚೆಯನ್ನೆಲ್ಲ ಬಿಟ್ಟು ತೀರ್ಮಾನವನ್ನೇ ಮೊದಲು ಬರೆಯಿರಿ: "ಸಂಪ್ ಸೋರಿಕೆ ರಿಪೇರಿಗೆ ₹40,000 ವರೆಗೆ ಖರ್ಚು ಮಾಡಲು ಒಪ್ಪಿಗೆ." ಅದರ ಕೆಳಗೆ ಕೆಲಸ: "ಮೂರು ಕೊಟೇಶನ್ ತರುವುದು – ಖಜಾಂಚಿ – ಜೂನ್ 14, ಸಂಜೆ 6ರೊಳಗೆ."

ಒಂದು ಕೆಲಸಕ್ಕೆ ಒಬ್ಬರೇ ಹೊಣೆ. ನಾನು ಮೊದಲು "ಕಮಿಟಿಯವರು" ಅಂತ ಬರೆಯುತ್ತಿದ್ದೆ. ಇನ್ನೊಬ್ಬರು ಮಾಡ್ತಾರೆ ಅಂತ ಎಲ್ಲರೂ ಸುಮ್ಮನಿದ್ದರು, ಸಂಪ್ ಎರಡು ತಿಂಗಳು ಸೋರಿತು. "ಮುಂದಿನ ವಾರ" ಅನ್ನೋದೂ ಬೇಡ. ಮೇಲನ್ನು ತಡವಾಗಿ ಓದಿದವರಿಗೆ ಯಾವ ವಾರ ಅಂತ ಗೊತ್ತಾಗಲ್ಲ, ಅಲ್ವಾ?

ಮೀಟಿಂಗ್‌ಗೆ ಬರದವರಿಗೆ ಕೆಲಸ ವಹಿಸಿದ್ದರೆ, ಮೊದಲು ಫೋನ್ ಮಾಡಿ ಒಪ್ಪಿಸಿ, ಆಮೇಲೆ ಹೆಸರು ಹಾಕಿ. ಮಾರನೇ ದಿನವೇ ಕಳಿಸಿ. ಕೊನೆಯಲ್ಲಿ "ತಿದ್ದುವುದಿದ್ದರೆ ಜೂನ್ 5ರೊಳಗೆ ತಿಳಿಸಿ" ಎಂದಿರಲಿ.