ಆಧಾರ್ ತಿದ್ದೋಕೆ ಐದೇ ನಿಮಿಷವಂತೆ!

*ಮೇಡಂ, ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಕೊನೇ ಸೆಮಿಸ್ಟರ್. ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ. ಎಚ್‌ಆರ್ ಮೇಡಂ ಮೇಲ್ ಮಾಡಿ ಎಲ್ಲ ಮಾರ್ಕ್ಸ್ ಕಾರ್ಡ್, ತಾತ್ಕಾಲಿಕ ಪದವಿ ಪ್ರಮಾಣಪತ್ರ ಅಂದರೆ ಪಿಡಿಸಿ, ಆಧಾರ್, ಪ್ಯಾನ್ ಕೇಳಿದ್ದಾರೆ. ಬೆಂಗಳೂರು, ಚೆನ್ನೈ, ಪುಣೆಯಲ್ಲಿ ಯಾವುದು ಬೇಕು, ಯಾವಾಗ ಸೇರ್ತೀರಿ ಅಂತಲೂ ಬರೆಯಬೇಕು. ಅಪ್ಪ ಇಲ್ಲ, ಅಮ್ಮ ಒಬ್ಬರೇ. ನನಗೆ ಬೆಂಗಳೂರೇ ಬೇಕು. ಹಾಗೆ ಬರೆದರೆ ಆಫರ್ ವಾಪಸ್ ತಗೋತಾರಾ? 'ಎನಿ ಲೊಕೇಶನ್' ಅಂತ ಹಾಕು ಅಂತಾರೆ ಭಾವ. ಅವರೂ ಐಟಿಯಲ್ಲೇ ಇರೋದು. ಪಿಡಿಸಿ ಇನ್ನೂ ಬಂದಿಲ್ಲ. ಹೆಸರು ಎಸ್ಸೆಸ್ಸೆಲ್ಸಿಯಲ್ಲಿ ರಶ್ಮಿ ಎಂ., ಆಧಾರ್‌ನಲ್ಲಿ ರಶ್ಮಿ ಮಂಜುನಾಥ್, ಪ್ಯಾನ್‌ನಲ್ಲಿ ರಶ್ಮಿ ಮಂಜುನಾಥ ಅಂತಿದೆ. ಅದನ್ನ ಸೈಬರ್‌ನಲ್ಲಿ ಐದು ನಿಮಿಷದಲ್ಲಿ ಪಿಡಿಎಫ್‌ನಲ್ಲೇ ಸರಿ ಮಾಡಿಸ್ತೀನಿ ಅಂದಿದ್ದಾರೆ ಭಾವ. ಮೇಲ್ ಡ್ರಾಫ್ಟ್‌ನಲ್ಲೇ ಇದೆ. ಏನಂತ ಬರೆಯಲಿ?*
– ರಶ್ಮಿ (ಹೆಸರುಗಳನ್ನು ಬದಲಿಸಿದೆ)

ಅಲ್ಲಮ್ಮಾ ರಶ್ಮಿ, ಊರಿನ ಚಿಂತೆಗೆ ಅಷ್ಟು ಸಾಲು ಬರೆದು, ನಿಜವಾದ ಅಪಾಯವನ್ನು ಕೊನೆಯಲ್ಲಿ ಸುಮ್ನೆ ಹಾಗೇ ಹೇಳಿ ಹೋಗಿದ್ದೀರಲ್ಲ! ಬೆಂಗಳೂರು ಅಂತ ಬರೆದದ್ದಕ್ಕೆ ಕೆಲಸ ಹೋಗಲ್ಲ. ತಿದ್ದಿದ ಆಧಾರ್ ಕಳಿಸಿದರೆ ಹೋಗಬಹುದು.

ನಿಮ್ಮ ಭಾವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಸೈಬರ್ ಅಂಗಡಿಯವರಿಗೆ ಗೊತ್ತಿಲ್ಲದೆ ಇರಬಹುದು, ಐಟಿಯಲ್ಲಿರುವವರಿಗೆ ಗೊತ್ತಿರಬೇಕಲ್ವಾ? ಆಧಾರ್ ಹಾಳೆಯಲ್ಲಿ ಕಪ್ಪು ಚುಕ್ಕೆಗಳ ದೊಡ್ಡ ಚೌಕ ಇದೆಯಲ್ಲ, ಆ ಕ್ಯೂಆರ್ ಕೋಡ್ ಒಳಗೆ ನಿಮ್ಮ ಹೆಸರು, ಹುಟ್ಟಿದ ದಿನ, ಫೋಟೋ ಎಲ್ಲ ಕೂತಿರುತ್ತದೆ. ಅದಕ್ಕೆ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಮೇಲೆ ಕಾಣುವ ಅಕ್ಷರವನ್ನು ಸೈಬರ್‌ನವರು ಬದಲಿಸಬಹುದು, ಒಳಗಿರುವುದನ್ನು ಬದಲಿಸಲು ಆಗಲ್ಲ. ಕಂಪನಿಯ ಪರವಾಗಿ ದಾಖಲೆ ಪರಿಶೀಲಿಸುವವರು ಸ್ಕ್ಯಾನ್ ಮಾಡಿದರೆ ಹಾಳೆಯ ಮೇಲೊಂದು ಹೆಸರು, ಸ್ಕ್ಯಾನ್‌ನಲ್ಲಿ ಇನ್ನೊಂದು ಹೆಸರು. ಈ ಪರಿಶೀಲನೆ ಎಷ್ಟೋ ಸಲ ನೀವು ಸೇರಿ ಒಂದೆರಡು ತಿಂಗಳಾದ ಮೇಲೆ ಮುಗಿಯುತ್ತದೆ. ಕೊಟ್ಟ ದಾಖಲೆ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು ಎನ್ನುವ ಸಾಲು ಆಫರ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಿಮ್ಮದರಲ್ಲೂ ಹುಡುಕಿ ನೋಡಿ.

ಇನ್ನೂ ಬೇಸರದ ಸಂಗತಿ ಎಂದರೆ, ಹಾಗೆ ಪಿಡಿಎಫ್ ತಿದ್ದುವ ಅಗತ್ಯವೇ ಇಲ್ಲ. ಇನಿಶಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆಲ್ಲ ಇರುವ ತಾಪತ್ರಯ ಇದು. ಎಚ್‌ಆರ್‌ನವರು ದಿನಾ ನೋಡುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿಗೆ ಬರೀ ಇನಿಶಿಯಲ್ ಹಾಕಲು ಬಿಡುವುದಿಲ್ಲ, ಬಿಡಿಸಿ ಬರೆಯಲೇಬೇಕು. ಹಾಗಾಗಿ ನಿಮ್ಮ 'ಎಂ.' ಅಲ್ಲಿ 'ಮಂಜುನಾಥ' ಆಗಿದೆ. ಆಧಾರ್ ಮಾಡಿಸುವಾಗ ಯಾರೋ ಇಂಗ್ಲಿಷ್‌ನಲ್ಲಿ ಕೊನೆಯ `A` ಬಿಟ್ಟಿರಬಹುದು. ಅಷ್ಟೇ ಕಥೆ.

ಈಗ ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೈಗೆ ತಗೊಳ್ಳಿ. ನಿಮ್ಮ ಹೆಸರಿನ ಜೊತೆಗೇ ತಂದೆಯ ಹೆಸರೂ ಅಚ್ಚಾಗಿರುತ್ತದೆ. ಅಲ್ಲಿ `MANJUNATHA` ಅಂತ ಇದ್ದರೆ, 'ಎಂ.' ಅಂದರೆ ಏನು ಅನ್ನುವುದಕ್ಕೆ ಅದೇ ಪುರಾವೆ. ಆಗ ಪ್ಯಾನ್ ಸರಿಯಾಗಿದೆ, ಆಧಾರ್ ಒಂದನ್ನೇ ಬದಲಿಸಬೇಕು. `MANJUNATH` ಅಂತ ಇದ್ದರೆ ಆಧಾರ್ ಸರಿ, ಪ್ಯಾನ್ ಬದಲಿಸಿ. ಮಾರ್ಕ್ಸ್ ಕಾರ್ಡನ್ನು ಮುಟ್ಟಲು ಹೋಗಬೇಡಿ. ಪಿಯುಸಿಯಿಂದ ಡಿಗ್ರಿವರೆಗೆ ಎಲ್ಲವೂ ಆ ಹೆಸರಿನ ಮೇಲೆಯೇ ಬಂದಿದೆ.

ಆಧಾರ್ ತಿದ್ದುಪಡಿಗೆ ಆಧಾರ್ ಸೇವಾ ಕೇಂದ್ರಕ್ಕೋ, ಆ ಸೌಲಭ್ಯ ಇರುವ ಅಂಚೆ ಕಚೇರಿ ಅಥವಾ ಬ್ಯಾಂಕಿಗೋ ಹೋಗಿ. ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಕೊಡುವ ಮೊದಲು ಸ್ಕ್ರೀನ್ ಮೇಲಿನ ಒಂದೊಂದು ಅಕ್ಷರವನ್ನೂ ನೀವೇ ಓದಿ, ಆಪರೇಟರ್ ಓದಿ ಹೇಳಿದ್ದನ್ನು ನಂಬಬೇಡಿ. ಇದನ್ನು ಮಾಡಿಸಿಕೊಳ್ಳಲೇಬೇಕು, ಯಾಕೆಂದರೆ ಪಿಎಫ್ ಖಾತೆ ಆಧಾರ್ ಹೆಸರಿನ ಮೇಲೆ ನಡೆಯುತ್ತದೆ. ಪ್ಯಾನ್ ಹೆಸರು ಅದಕ್ಕೆ ಹೊಂದದಿದ್ದರೆ ಮುಂದೆ ಅದನ್ನು ಜೋಡಿಸುವಾಗ ಪರದಾಟ. ಆದರೆ ಮೇಲ್ ಕಳಿಸಲು ಇದಕ್ಕಾಗಿ ಕಾಯಬೇಡಿ.

ಇನ್ನು ಊರಿನ ವಿಷಯ. ಮೊದಲನೆಯದು ಬೆಂಗಳೂರು, ಎರಡನೆಯದು ಚೆನ್ನೈ ಅಥವಾ ಪುಣೆ, ನಿಮಗೆ ಯಾವುದು ವಾಸಿಯೋ ಅದು. 'ಬೆಂಗಳೂರು ಮಾತ್ರ' ಎಂದು ಬರೆಯಬೇಡಿ, ಬೇರೆಡೆ ಹಾಕಿದರೆ ಕೆಲಸವೇ ಬೇಡ ಅನ್ನುವಷ್ಟು ಗಟ್ಟಿ ಮನಸ್ಸು ಇದ್ದರೆ ಆ ಮಾತು ಬೇರೆ. ಕೇಳಿದ್ದು ಆದ್ಯತೆ, ನೀವು ಕೊಡುವುದೂ ಆದ್ಯತೆ. ಕೊನೆಗೆ ಎಲ್ಲಿ ಜನ ಬೇಕೋ ಅಲ್ಲಿಗೇ ಹಾಕುತ್ತಾರೆ, ಬೆಂಗಳೂರೇ ಸಿಗುತ್ತದೆ ಅನ್ನುವ ಖಾತರಿ ಯಾರೂ ಕೊಡಲ್ಲ. ಆದರೆ 'ಎನಿ ಲೊಕೇಶನ್' ಎಂದು ನೀವೇ ಬರೆದುಕೊಟ್ಟು, ಪುಣೆ ಬಂದ ಮೇಲೆ ಅಮ್ಮ ಒಬ್ಬರೇ ಇದ್ದಾರೆ ಎಂದರೆ ಮೊದಲೇ ಯಾಕೆ ಹೇಳಲಿಲ್ಲ ಅಂತಾರೆ. ಅಮ್ಮನ ವಿಷಯ ಒಂದೇ ಸಾಲಿನಲ್ಲಿ ಹೇಳಿ, ಸಾಕು.

ಈ ಅಂಕಣದಲ್ಲಿ ನಾನು ಹೇಳಿ ಹೇಳಿ ಸುಸ್ತಾದ ಮಾತು: ಕೇಳಿದ್ದಕ್ಕೆ ಉತ್ತರ ಕೊಡಿ, ಕೇಳದ ಕಥೆ ಬೇಡ. ಆ ಎಚ್‌ಆರ್ ಹೆಣ್ಣುಮಗಳ ಮುಂದೆ ಒಂದು ದೊಡ್ಡ ಎಕ್ಸೆಲ್ ಶೀಟ್ ಇದೆ. ಅದರಲ್ಲಿ ನಿಮ್ಮದೊಂದು ಸಾಲು. ಅವರಿಗೆ ಬೇಕಿರುವುದು ಮೂರೇ ವಿಷಯ: ಏನು ಬಂತು, ಏನು ಬರಬೇಕು, ಯಾವತ್ತು ಬರುತ್ತೆ. 'ನನ್ನ ಬಾಲ್ಯದ ಕನಸು' ಇತ್ಯಾದಿ ಹಾಕಿದರೆ ಆ ಮೂರನ್ನು ಅವರು ಹುಡುಕಬೇಕಾಗುತ್ತದೆ.

ನೀವು ಬರೆಯುವುದು ಇಂಗ್ಲಿಷ್‌ನಲ್ಲೇ ಇರಲಿ. ಮಾರ್ಕ್ಸ್ ಕಾರ್ಡ್‌ನಲ್ಲಿ `MANJUNATHA` ಅಂತ ಇದ್ದರೆ ಹುರುಳು ಇಷ್ಟು ಸಾಕು:

"ನಮಸ್ಕಾರ ಮೇಡಂ. ನಾನು ರಶ್ಮಿ ಎಂ., ಇಂಥ ಕಾಲೇಜು, ಇಂಥ ಯುಎಸ್‌ಎನ್. ಎಸ್ಸೆಸ್ಸೆಲ್ಸಿ, ಪಿಯುಸಿ, ಒಂದರಿಂದ ಏಳನೇ ಸೆಮಿಸ್ಟರ್‌ವರೆಗಿನ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಲಗತ್ತಿಸಿದ್ದೇನೆ. ಎಂಟನೇ ಸೆಮಿಸ್ಟರ್ ಪರೀಕ್ಷೆ ಇಂಥ ದಿನ ಮುಗಿಯುತ್ತದೆ, ಫಲಿತಾಂಶ ಬಂದ ಮೇಲೆ ಆ ಮಾರ್ಕ್ಸ್ ಕಾರ್ಡ್ ಮತ್ತು ಪಿಡಿಸಿ ಕಳಿಸುತ್ತೇನೆ. ನನ್ನ ಹೆಸರಿನ 'ಎಂ.' ಎಂದರೆ ತಂದೆಯ ಹೆಸರು ಮಂಜುನಾಥ. ಆಧಾರ್‌ನಲ್ಲಿ ಒಂದು ಅಕ್ಷರ ಬೇರೆ ಇದೆ, ತಿದ್ದಿಸುತ್ತಿದ್ದೇನೆ. ಬೇಕಿದ್ದರೆ ಅಫಿಡವಿಟ್ ಕೊಡುತ್ತೇನೆ. ಊರಿನ ಆದ್ಯತೆ: ಬೆಂಗಳೂರು, ನಂತರ ಚೆನ್ನೈ. ಮನೆಯಲ್ಲಿ ತಾಯಿ ಒಬ್ಬರೇ ಇರುವುದರಿಂದ ಈ ಕೋರಿಕೆ. ಇಂಥ ದಿನದಿಂದ ಸೇರಬಲ್ಲೆ."

ಸೇರುವ ದಿನವನ್ನು ಕೊನೇ ಪರೀಕ್ಷೆ, ಪ್ರಾಜೆಕ್ಟ್ ವೈವಾ ಎಲ್ಲ ಮುಗಿದ ಮೇಲಿನದೇ ಹಾಕಿ. ಫೈಲುಗಳಿಗೆ `scan0012.pdf` ಅಂತ ಬಿಡಬೇಡಿ, `RASHMI_M_SSLC.pdf` ಎಂಬ ಹಾಗೆ ಹೆಸರು ಕೊಡಿ. ಆಧಾರ್‌ಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಯುಐಡಿಎಐ ಸೈಟ್‌ನಲ್ಲೇ ಸಿಗುತ್ತದೆ, ಮೊದಲು ಅದನ್ನೇ ಕಳಿಸಿ. ಡೌನ್‌ಲೋಡ್ ಆದ ಫೈಲಿಗೆ ಪಾಸ್‌ವರ್ಡ್ ಇರುತ್ತದೆ: ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಅದನ್ನು ತಿಳಿಸದೆ ಕಳಿಸಿದರೆ ಫೈಲ್ ತೆರೆಯಲ್ಲ, ಬೇರೆ ಮೇಲ್‌ನಲ್ಲಿ ತಿಳಿಸಿ. ಪ್ಲೇಸ್‌ಮೆಂಟ್ ಆಫೀಸರ್‌ಗೂ ಒಂದು ಪ್ರತಿ ಹೋಗಲಿ. ಅಫಿಡವಿಟ್ ಕಂಪನಿ ಕೇಳಿದರೆ ಮಾತ್ರ ನೋಟರಿ ಹತ್ತಿರ ಮಾಡಿಸಿ, ಸುಮ್ನೆ ಮೊದಲೇ ದುಡ್ಡು ಹಾಕಬೇಡಿ.

ಪಿಡಿಸಿಗೂ ಕಾಯಬೇಡಿ, ಆಧಾರ್‌ಗೂ ಕಾಯಬೇಡಿ. ಇದ್ದದ್ದು ಇದ್ದ ಹಾಗೆ ಇವತ್ತು ರಾತ್ರಿಯೇ ಕಳಿಸಿ. ಭಾವನಿಗೆ ಕಳಿಸಿಯಾದ ಮೇಲೆ ಹೇಳಿದರಾಯಿತು.